ಬಿಟ್ಟು ಬಂದ ಕೆಲಸಕ್ಕೆ ಮರಳಿ ಬರೆಯುವ ಪತ್ರ

ರಾಯದುರ್ಗದ ಜೀನ್ಸ್ ಹೊಲಿಗೆಯ ಸಣ್ಣ ಘಟಕಗಳಲ್ಲಿ ಒಮ್ಮೆ ಕೆಲಸ ಬಿಟ್ಟುಹೋದವನು ಮರಳಿ ಬರಬೇಕೆಂದರೆ ಸಾಮಾನ್ಯವಾಗಿ ಪತ್ರವ್ಯವಹಾರದ ಪ್ರಸಂಗವೇ ಒದಗುವುದಿಲ್ಲ. ಜೊತೆಯವನೊಬ್ಬನ ಮೂಲಕ ಮಾಲೀಕನ ಕಿವಿಗೆ ಒಂದು ಮಾತು ಹಾಕಿಸಿ, ಆರ್ಡರು ಬಂದಿರುವ ವಾರ ನೋಡಿಕೊಂಡು ಬಂದು, ಖಾಲಿ ಇರುವ ಮೆಷಿನ್ನಿನ ಮುಂದೆ ಕುಳಿತುಬಿಟ್ಟರೆ ಮರುನೇಮಕವು ಸಂಪನ್ನವಾದಂತೆಯೇ ಸರಿ. ಪೀಸಿನ ಲೆಕ್ಕದಲ್ಲಿ ಕೂಲಿ ನಡೆಯುವೆಡೆ ಹಳೆಯ ಸೇವೆಯೆಂಬುದಕ್ಕೆ ಕೈಯ ವೇಗದ ಹೊರತು ಬೇರೆ ದಾಖಲೆಯಿಲ್ಲ. ಆದರೆ ಅದೇ ಊರಿನ, ಅದೇ ಹೊಲಿಗೆಯ ವಿದ್ಯೆ ಬಲ್ಲ ವ್ಯಕ್ತಿಯೊಬ್ಬರು ಬೆಂಗಳೂರಿನ ಪೀಣ್ಯದಂಥ ಕಡೆ ನೂರಾರು ಜನ ದುಡಿಯುವ ಗಾರ್ಮೆಂಟ್ಸ್ ಕಾರ್ಖಾನೆಯನ್ನು ಬಿಟ್ಟುಬಂದು, ಕೆಲವು ವರ್ಷಗಳ ತರುವಾಯ ಅಲ್ಲಿಗೇ ಮರಳಲು ಇಚ್ಛಿಸಿದರೆ, ಆಗ ಹಳೆಯ ಮ್ಯಾನೇಜರಿಗೆ ಇ-ಮೇಲ್ ಮೂಲಕ ಒಂದು ಪತ್ರವನ್ನು ಬರೆಯಬೇಕಾಗುತ್ತದೆ; ಮತ್ತು ಆ ಪತ್ರವು ನೋಡುವುದಕ್ಕೆ ಸುಲಭವೆಂದು ತೋರಿದರೂ, ಅದನ್ನು ಬರೆಯುವಾಗ ಬಹುಮಂದಿ ಯಾರಿಗೆ ಬರೆಯುತ್ತಿದ್ದೇವೆಂಬುದನ್ನೇ ಮರೆತುಬಿಡುತ್ತಾರೆ.

ಪತ್ರವನ್ನು ತೆರೆಯುವವನು ಹಳೆಯ ಮ್ಯಾನೇಜರನೇ ಆದರೂ, ನಿರ್ಣಯ ಕೈಗೊಳ್ಳುವವರು ಬಹುಶಃ ಇನ್ನೊಬ್ಬರು ಎಂಬುದೇ ಇಲ್ಲಿಯ ಮುಖ್ಯ ಸಂಗತಿ. ಮಾನವ ಸಂಪನ್ಮೂಲ ವಿಭಾಗದಲ್ಲಿ, ಎಂದರೆ ಎಲ್ಲರೂ ಎಚ್‌ಆರ್ ಎಂದು ಕರೆಯುವ ಆ ಕೋಣೆಯಲ್ಲಿ, ನಿಮ್ಮನ್ನು ಎಂದೂ ಕಂಡಿರದ ಒಬ್ಬ ಯುವ ಅಧಿಕಾರಿಯು ನಿಮ್ಮ ಹಳೆಯ ನೌಕರ ಸಂಖ್ಯೆಯನ್ನು ಗಣಕಯಂತ್ರಕ್ಕೆ ಕೊಟ್ಟು, ಅದು ಏನು ಹೇಳುತ್ತದೆಂದು ನೋಡುತ್ತಾನೆ. ಮ್ಯಾನೇಜರನು ನಿಮ್ಮನ್ನು ಎಷ್ಟೇ ಮೆಚ್ಚಿಕೊಂಡಿದ್ದರೂ ಅವನಿಂದ ಆಗುವುದು ಇಷ್ಟೇ: ನಿಮ್ಮ ಪತ್ರದ ಮೇಲೆ ತನ್ನದೊಂದು ವಾಕ್ಯವನ್ನು ಬರೆದು, ಅದನ್ನು ಆ ಕೋಣೆಗೆ ಕಳುಹಿಸುವುದು. ಆದುದರಿಂದ ಸೌಹಾರ್ದದಿಂದ ಬೀಳ್ಕೊಂಡವನು ಬರೆಯತಕ್ಕ ಪತ್ರವು, ಸ್ನೇಹದ ಮಾತು ಎರಡು ಸಾಲು ಇದ್ದು, ಉಳಿದುದೆಲ್ಲ ಆ ಒಂದು ವಾಕ್ಯದೊಡನೆ ಮುಂದಕ್ಕೆ ಹೋಗಬಲ್ಲ ಹಾಗೆ ರಚಿತವಾಗಿರಬೇಕು. ಮ್ಯಾನೇಜರನು ಅದನ್ನು ತಿದ್ದಿ, ಬೇಕಾದ ವಿವರಗಳನ್ನು ನಿಮ್ಮಿಂದ ಮತ್ತೆ ಕೇಳಿ, ಹೊಸದಾಗಿ ಬರೆಯಬೇಕಾಗಿ ಬಂತೆಂದರೆ, ಶಿಪ್‌ಮೆಂಟಿನ ಗಡಿಬಿಡಿಯಲ್ಲಿ ಆ ಪತ್ರವು 'ನಾಳೆ ನೋಡೋಣ' ಎಂಬ ಮೂಲೆಗೆ ಸರಿದುಹೋಗುವುದು ಬಹುತೇಕ ನಿಶ್ಚಿತ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಂಡು ವಿಷಯವನ್ನು ನೋಡೋಣ. ಮಡಕಶಿರಾ ತಾಲ್ಲೂಕಿನ ರೊಳ್ಳದಲ್ಲಿ ಹುಟ್ಟಿ, ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಮೊದಲು ಚೆಕ್ಕರಾಗಿ ಸೇರಿ ಅನಂತರ ಕ್ವಾಲಿಟಿ ಸೂಪರ್‌ವೈಸರ್ ಆದ ಒಬ್ಬಾಕೆಯಿದ್ದಾಳೆಂದುಕೊಳ್ಳಿ. 2019ರ ಏಪ್ರಿಲಿನಲ್ಲಿ ಸೇರಿದವಳು ತಾಯಿಯ ಶಸ್ತ್ರಚಿಕಿತ್ಸೆಯ ಕಾರಣದಿಂದ 2023ರ ಮೇ ತಿಂಗಳಿನಲ್ಲಿ ರಾಜೀನಾಮೆ ಕೊಟ್ಟು, ಒಂದು ತಿಂಗಳ ನೋಟಿಸಿನ ಅವಧಿಯನ್ನು ಪೂರ್ತಿ ದುಡಿದು, ತನ್ನ ಜಾಗಕ್ಕೆ ಬಂದವಳಿಗೆ ಕೆಲಸ ಕಲಿಸಿ, ಹಿಂದಿರುಗಿದಳು. ಮುಂದೆ ರಾಯದುರ್ಗಕ್ಕೆ ಸೊಸೆಯಾಗಿ ಬಂದು, ಅಲ್ಲಿಯ ಜೀನ್ಸ್ ಘಟಕವೊಂದರಲ್ಲಿ ತಪಾಸಣೆಯ ಹೊಣೆ ಹೊತ್ತಳು. ಈಗ ಗಂಡನಿಗೆ ಬೆಂಗಳೂರಿನಲ್ಲಿ ಕೆಲಸ ದೊರೆತಿದೆ, ಆಕೆಗೂ ಹಳೆಯ ಕಾರ್ಖಾನೆಗೆ ಮರಳುವ ಮನಸ್ಸಾಗಿದೆ.

ಇಂಥವಳು ಸಾಮಾನ್ಯವಾಗಿ ಬರೆಯುವ ಪತ್ರವನ್ನು ನಾನು ಊಹಿಸಬಲ್ಲೆ. ಮೊದಲ ಅರ್ಧ ಪುಟ ಕ್ಷೇಮ ಸಮಾಚಾರ ಮತ್ತು ಹಳೆಯ ದಿನಗಳ ಸ್ಮರಣೆ. ಆಮೇಲೆ ಮನೆಯ ಕಷ್ಟಗಳ ನಿವೇದನೆ. ಕೊನೆಗೆ, ಸಂಕೋಚದಿಂದಲೇ, 'ಏನಾದರೂ ಕೆಲಸ ಇದ್ದರೆ ದಯವಿಟ್ಟು ತಿಳಿಸಿ ಸರ್' ಎಂಬ ಒಂದು ಸಾಲು. ಓದಿದ ಮ್ಯಾನೇಜರನಿಗೆ ಕರುಣೆ ಮೂಡುತ್ತದೆ, ಆದರೆ ಮಾಡಬೇಕಾದುದೇನೆಂದು ತೋಚುವುದಿಲ್ಲ. ಯಾವ ಕೆಲಸ? ಯಾವಾಗಿನಿಂದ? ಹಳೆಯ ಹುದ್ದೆಗೇ ಬರುತ್ತಾಳೋ, ಕೆಳಗಿನದಕ್ಕೂ ಒಪ್ಪುತ್ತಾಳೋ? ನಡುವಿನ ಎರಡು ವರ್ಷ ಏನು ಮಾಡುತ್ತಿದ್ದಳು? ಇವಿಷ್ಟನ್ನೂ ಅವನು ಫೋನ್ ಮಾಡಿ ಕೇಳಬೇಕು. 'ಏನಾದರೂ' ಎಂಬ ಮಾತು ವಿನಯದ್ದೆಂದು ನಾವು ತಿಳಿಯುತ್ತೇವೆ. ಓದುವವನ ಪಾಲಿಗೆ ಅದು ಹೊರೆಯೇ ಸರಿ, ಏಕೆಂದರೆ ಆಯ್ಕೆಯ ಶ್ರಮವನ್ನೆಲ್ಲ ಅದು ಅವನ ತಲೆಗೆ ವರ್ಗಾಯಿಸುತ್ತದೆ.

ಬರೆಯುವುದಕ್ಕೆ ಮುಂಚೆ ಆಕೆ ವಿಚಾರಿಸಿಕೊಳ್ಳಬೇಕಾದ ಸಂಗತಿಗಳು ಎರಡಿವೆ. ಮ್ಯಾನೇಜರನು ಇನ್ನೂ ಅಲ್ಲಿಯೇ ಇದ್ದಾನೆಯೇ, ಇದ್ದರೆ ಅದೇ ವಿಭಾಗದಲ್ಲಿದ್ದಾನೆಯೇ ಎಂಬುದು ಮೊದಲನೆಯದು. ಲೈನಿನಲ್ಲಿ ಜೊತೆಗಿದ್ದ ಗೆಳತಿಗೆ ಒಂದು ಫೋನ್ ಮಾಡಿದರೆ ಇದು ತಿಳಿಯುತ್ತದೆ. ಈ ವ್ಯವಹಾರದಲ್ಲಿ ಮ್ಯಾನೇಜರುಗಳೂ ಕಂಪನಿ ಬದಲಾಯಿಸುತ್ತಿರುತ್ತಾರೆ, ಬಿಟ್ಟುಹೋದವನ ಕಚೇರಿ ವಿಳಾಸಕ್ಕೆ ಕಳುಹಿಸಿದ ಪತ್ರ ಎಲ್ಲಿಗೂ ತಲುಪದು. ಎರಡನೆಯದು ತನ್ನ ನಿರ್ಗಮನದ ಕಾಗದಗಳು. ಆಗ ಕೊಟ್ಟ ರಿಲೀವಿಂಗ್ ಲೆಟರನ್ನು ತೆಗೆದು ನೋಡಬೇಕು: ರಾಜೀನಾಮೆಯನ್ನು ಅಂಗೀಕರಿಸಿ, ಇಂಥ ದಿನಾಂಕದಂದು ಸೇವೆಯಿಂದ ಬಿಡುಗಡೆ ಮಾಡಲಾಗಿದೆಯೆಂದು ಅದರಲ್ಲಿದ್ದರೆ ನಿಶ್ಚಿಂತೆ. ಅನೇಕ ಕಂಪನಿಗಳು ಬಿಟ್ಟುಹೋಗುವವರ ದಾಖಲೆಯಲ್ಲಿ 'ಮರುನೇಮಕಕ್ಕೆ ಅರ್ಹ' ಅಥವಾ 'ಅರ್ಹರಲ್ಲ' ಎಂದು ಒಂದು ಗುರುತು ಹಾಕಿಡುತ್ತವೆ. ಮುಖ ನೋಡಿ ನಕ್ಕು ಬೀಳ್ಕೊಟ್ಟ ಕಚೇರಿಯೇ, ನೋಟಿಸಿನ ಕೊನೆಯ ವಾರ ಹಾಜರಿ ಸರಿಯಾಗಿ ದಾಖಲಾಗದೆ, 'ಹೇಳದೆ ಬಿಟ್ಟುಹೋದರು' ಎಂದು ಬರೆದಿಟ್ಟಿರುವ ಪ್ರಸಂಗಗಳೂ ಇಲ್ಲದಿಲ್ಲ. ರಿಲೀವಿಂಗ್ ಲೆಟರೇ ಕೈಸೇರಿಲ್ಲವಾದರೆ, ಅಥವಾ ಕೊನೆಯ ಲೆಕ್ಕ ಚುಕ್ತಾ ಆಗದೆ ಉಳಿದಿದ್ದರೆ, ಅಂಥ ಗುರುತಿನ ಶಂಕೆ ಇಟ್ಟುಕೊಳ್ಳುವುದು ವಿವೇಕ.

ಇನ್ನು ಪತ್ರ. ಅದು ಎಚ್‌ಆರ್‌ಗೂ ಹೋಗುವುದರಿಂದ ಬಹುಶಃ ಇಂಗ್ಲಿಷಿನಲ್ಲಿಯೇ ಇರಬೇಕಾದೀತು. ಆದರೂ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ಎಲ್ಲವೂ ಎಂಬಂತೆ ಬದುಕುವ ಈ ಸೀಮೆಯವರಿಗೆ ಹೇಳಬೇಕಾದುದು ಮೊದಲು ಕನ್ನಡದಲ್ಲಿಯೇ ಹೊಳೆಯುವುದರಿಂದ, ಅದರ ಹುರುಳನ್ನು ಕನ್ನಡದಲ್ಲಿಯೇ ಕೊಡುತ್ತೇನೆ. ವಿಷಯದ ಸಾಲಿನಲ್ಲಿ 'ವಿನಂತಿ' ಎಂದಾಗಲಿ 'ನಮಸ್ಕಾರ' ಎಂದಾಗಲಿ ಬರೆಯದೆ, 'ಕ್ವಾಲಿಟಿ ಸೂಪರ್‌ವೈಸರ್ ಕೆಲಸಕ್ಕೆ ಮರಳಿ ಸೇರುವ ಬಗ್ಗೆ – ಹಳೆಯ ನೌಕರ ಸಂಖ್ಯೆ ಇಂಥದು' ಎಂದಿರತಕ್ಕದ್ದು. ಒಳಗಿನ ಮಾತು ಹೀಗಿರಬಹುದು:

'ನಮಸ್ಕಾರ ಸರ್, ನಾನು 2019ರ ಏಪ್ರಿಲಿನಿಂದ 2023ರ ಜೂನಿನವರೆಗೆ ನಿಮ್ಮ ಕೈಕೆಳಗೆ ಕ್ವಾಲಿಟಿಯಲ್ಲಿ ಕೆಲಸ ಮಾಡಿದವಳು. ಕೊನೆಯ ಒಂದು ವರ್ಷ ಮೂರು ಲೈನುಗಳ ಎಂಡ್‌ಲೈನ್ ತಪಾಸಣೆ ನನ್ನ ಹೊಣೆಯಾಗಿತ್ತು. ತಾಯಿಯ ಆಪರೇಷನ್ ಇದ್ದುದರಿಂದ ಬಿಟ್ಟು ಬಂದೆ, ಈಗ ಅವರು ಗುಣವಾಗಿದ್ದಾರೆ. ಬಂದ ಮೇಲೆ ರಾಯದುರ್ಗದಲ್ಲಿ ಜೀನ್ಸ್ ಯೂನಿಟ್ ಒಂದರಲ್ಲಿ ಚೆಕ್ಕಿಂಗ್ ನೋಡಿಕೊಳ್ಳುತ್ತಿದ್ದೇನೆ; ಡೆನಿಮ್‌ನಲ್ಲಿ ವಾಷಿಂಗ್ ಆದ ಮೇಲೆ ಅಳತೆ ಕುಗ್ಗುವುದು, ಬಣ್ಣದ ಶೇಡು ಬೇರೆಯಾಗುವುದು, ಇವನ್ನು ಹಿಡಿಯುವುದನ್ನು ಇಲ್ಲಿ ಕಲಿತೆ. ಮುಂದಿನ ತಿಂಗಳ ಮೊದಲ ವಾರದಿಂದ ನಾವು ಬೆಂಗಳೂರಿಗೆ ಬಂದು ಇರುತ್ತೇವೆ. ನಿಮ್ಮ ಯೂನಿಟ್‌ನಲ್ಲಿ ಕ್ವಾಲಿಟಿ ಸೂಪರ್‌ವೈಸರ್ ಜಾಗ ಇದೆಯೇ, ಅಥವಾ ಈ ವರ್ಷದೊಳಗೆ ಆಗುವ ಸಂಭವ ಇದೆಯೇ? ಸದ್ಯಕ್ಕೆ ಇಲ್ಲವಾದರೆ ಚೆಕ್ಕರ್ ಆಗಿ ಸೇರುವುದಕ್ಕೂ ನನಗೆ ಒಪ್ಪಿಗೆ. ರಿಲೀವಿಂಗ್ ಲೆಟರೂ ಒಂದು ಪುಟದ ವಿವರವೂ ಜೊತೆಗಿವೆ. ಎಚ್‌ಆರ್‌ನಲ್ಲಿ ಯಾರಿಗಾದರೂ ನೇರವಾಗಿ ಬರೆಯಬೇಕಿದ್ದರೆ ತಿಳಿಸಿದರೆ ಬರೆಯುತ್ತೇನೆ. ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ ಸರ್.'

ಇದು ಇಷ್ಟೇ ಇರಬೇಕು. ಬಿಟ್ಟ ಕಾರಣ ಒಂದು ವಾಕ್ಯದಲ್ಲಿದೆ, ಆ ಕಾರಣ ಈಗ ಉಳಿದಿಲ್ಲವೆಂಬುದು ಅದರ ಮಗ್ಗುಲಲ್ಲಿಯೇ ಇದೆ. ಮರಳಿ ಬಂದವಳು ಮತ್ತೆ ಆರು ತಿಂಗಳಲ್ಲಿ ಹೋಗಿಬಿಡುವಳೇ ಎಂಬ ಕೇಳದ ಪ್ರಶ್ನೆಗೆ ಅದೇ ಉತ್ತರ. ನಡುವಿನ ಕಾಲವನ್ನು ಮುಚ್ಚಿಡಲಾಗಿಲ್ಲ. ಸಣ್ಣ ಘಟಕದಲ್ಲಿ ದುಡಿದದ್ದು ಹೇಳಿಕೊಳ್ಳತಕ್ಕ ಸಂಗತಿಯೇ ಅಲ್ಲವೆಂದು ಈ ಪ್ರಾಂತದ ಹಲವರು ಭಾವಿಸುತ್ತಾರೆ. ಆದರೆ ರಫ್ತಿನ ಕಾರ್ಖಾನೆಯ ಮ್ಯಾನೇಜರನಿಗೆ ಡೆನಿಮ್ ವಾಷಿಂಗಿನ ದೋಷಗಳನ್ನು ಬಲ್ಲ ಸೂಪರ್‌ವೈಸರ್ ಎಂದರೆ, ಫೈನಲ್ ಆಡಿಟ್‌ನಲ್ಲಿ ಒಂದು ಲಾಟ್ ಉಳಿದೀತೆಂಬ ಭರವಸೆ. ಖರೀದಿದಾರರು ಸಾಮಾನ್ಯವಾಗಿ ಎಕ್ಯೂಎಲ್ 2.5 ಎಂಬ ಮಾನದಂಡದಲ್ಲಿ ಮಾದರಿ ತೆಗೆದು ನೋಡುತ್ತಾರೆ; ಆ ಮಾದರಿಯಲ್ಲಿ ದೋಷಗಳು ಮಿತಿ ಮೀರಿದರೆ ಇಡೀ ಲಾಟನ್ನು ಬಿಚ್ಚಿ ಮತ್ತೆ ತಪಾಸಣೆ ಮಾಡಬೇಕಾಗುತ್ತದೆ. ತಿಳಿದವಳು ಒಬ್ಬಳು ಹೆಚ್ಚಿದ್ದರೆ ಏನು ಉಳಿಯುತ್ತದೆಂದು ಅವನಿಗೆ ವಿವರಿಸಿ ಹೇಳಬೇಕಾಗಿಲ್ಲ.

ಸಂಬಳದ ಮಾತು ಪತ್ರದಲ್ಲಿ ಇಲ್ಲದಿರುವುದನ್ನು ಕೆಲವರು ಕೊರತೆಯೆಂದು ಎಣಿಸಬಹುದು. ನನ್ನ ಅಭಿಪ್ರಾಯದಲ್ಲಿ ಅದು ಈ ಹಂತದಲ್ಲಿ ಇರಲೇಬಾರದು, ಏಕೆಂದರೆ ಅದನ್ನು ನಿರ್ಧರಿಸುವವನು ಮ್ಯಾನೇಜರನಲ್ಲ, ಹಾಗೂ ಹಳೆಯ ಸಂಬಳವು ಕಂಪನಿಯ ದಾಖಲೆಯಲ್ಲಿ ಇದ್ದೇ ಇದೆ. ಆದರೆ ಕೆಲಸದ ಮಾತು ಬಂದಮೇಲೆ ತಿಳಿದಿರಲೇಬೇಕಾದ ಲೆಕ್ಕವೊಂದಿದೆ, ಅದು ಗ್ರಾಚುಟಿಯದು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1972ರ ಗ್ರಾಚುಟಿ ಕಾಯಿದೆಯ ಪ್ರಕಾರ ಖಾಯಂ ನೌಕರನಿಗೆ ಐದು ವರ್ಷಗಳ ನಿರಂತರ ಸೇವೆ ಆಗಿದ್ದರೆ ಮಾತ್ರ ಗ್ರಾಚುಟಿ ದೊರೆಯುತ್ತಿತ್ತು. ಮರಣ ಮತ್ತು ಅಂಗವೈಕಲ್ಯದ ಸಂದರ್ಭಗಳು ಇದಕ್ಕೆ ಅಪವಾದ. ಅದರ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ನಿಶ್ಚಿತ ಅವಧಿಯ ನೌಕರರಿಗೆ ಸಡಿಲಿಕೆ ಕೊಟ್ಟರೂ, ಉಳಿದವರಿಗೆ ಸಾಮಾನ್ಯವಾಗಿ ಈ ಐದು ವರ್ಷವನ್ನೇ ಇಟ್ಟಿದೆ. ನಮ್ಮ ಈಕೆ ನಾಲ್ಕು ವರ್ಷ ಎರಡು ತಿಂಗಳಿಗೆ ಬಿಟ್ಟುಬಂದವಳಾದ್ದರಿಂದ ಆಗ ಗ್ರಾಚುಟಿ ಸಿಗಲಿಲ್ಲ. ಆಕೆಯ ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,200 ರೂಪಾಯಿ ಎಂದಿಟ್ಟುಕೊಂಡರೆ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ ದಿನಕ್ಕೆ 700 ರೂಪಾಯಿ, ವರ್ಷಕ್ಕೆ ಹದಿನೈದು ದಿನದ್ದು 10,500, ಐದು ವರ್ಷಕ್ಕೆ 52,500 ರೂಪಾಯಿ. ಹತ್ತು ತಿಂಗಳು ಕಡಿಮೆಯಾದುದಕ್ಕೆ ಆಕೆ ಕಳೆದುಕೊಂಡ ಮೊತ್ತವಿದು.

ಈಗ ಮರಳಿದರೆ ಹಳೆಯ ನಾಲ್ಕು ವರ್ಷಗಳು ಜೊತೆಗೂಡುತ್ತವೆಯೇ? ಸಾಮಾನ್ಯವಾಗಿ ಇಲ್ಲ. ರಾಜೀನಾಮೆಯಿಂದ ಸೇವೆಯ ತಂತು ಕಡಿದಿರುವುದರಿಂದ, ಹೊಸ ಸೇರ್ಪಡೆಯ ದಿನದಿಂದ ಐದು ವರ್ಷಗಳ ಎಣಿಕೆ ಮತ್ತೆ ಮೊದಲಾಗುತ್ತದೆ. ಅದಾಗ್ಯೂ ಕಂಪನಿಯು ತಾನಾಗಿ ಹಳೆಯ ಸೇವೆಯನ್ನು ಪರಿಗಣಿಸಲು, ಅದರಲ್ಲಿಯೂ ಜ್ಯೇಷ್ಠತೆ ಮತ್ತು ರಜೆಯ ವಿಷಯದಲ್ಲಿ, ಅಡ್ಡಿಯೇನಿಲ್ಲ. ಅಂಥ ಒಪ್ಪಂದ ಆಗುವುದಾದರೆ ಅದು ನೇಮಕಾತಿ ಆದೇಶದಲ್ಲಿ ಬರೆದಿರಬೇಕು. ಮ್ಯಾನೇಜರನ ಬಾಯಿಮಾತು ಎಷ್ಟೇ ಪ್ರಾಮಾಣಿಕವಾದರೂ, ಅವನು ವರ್ಗವಾಗಿ ಹೋದ ದಿನ ಅದೂ ಹೋಗುತ್ತದೆ.

ಭವಿಷ್ಯನಿಧಿಯ ಸ್ಥಿತಿ ಇದಕ್ಕಿಂತ ಉತ್ತಮ. ಯುಎಎನ್ ಎಂಬ ಸಂಖ್ಯೆ ಆಕೆಗೆ ಜೀವನಪರ್ಯಂತ ಒಂದೇ; ಕಂಪನಿ ಬೇರೆ ಸದಸ್ಯತ್ವ ಸಂಖ್ಯೆ ಕೊಟ್ಟರೂ ಎರಡೂ ಅದೇ ಯುಎಎನ್‌ಗೆ ಸೇರುತ್ತವೆ. ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಬೇಕಾದ ಹತ್ತು ವರ್ಷಗಳ ಸೇವೆಯನ್ನು ಕೂಡಿಸಿ ಎಣಿಸಲಾಗುತ್ತದೆ. ಎಂದರೆ ಬಿಟ್ಟು ಬಂದ ತರುವಾಯ ಆಕೆ ಪಿಂಚಣಿಯ ಭಾಗವನ್ನು ಹಿಂದೆಗೆದುಕೊಂಡಿರದಿದ್ದರೆ, ಹಳೆಯ ನಾಲ್ಕು ವರ್ಷಗಳು ಇಲ್ಲಿ ಜೀವಂತವಾಗಿವೆ. ಹಿಂದೆಗೆದುಕೊಂಡಿದ್ದರೆ ಆ ಅವಧಿ ಮುಗಿದುಹೋಯಿತು, ಹೊಸದಾಗಿ ಎಣಿಸಬೇಕು.

ಇಲ್ಲಿ ಈ ಗಡಿಸೀಮೆಗೇ ವಿಶಿಷ್ಟವಾದ ಒಂದು ತೊಡಕನ್ನು ಹೇಳಬೇಕು. ಆಂಧ್ರ ರಾಜ್ಯ ಉದಯಿಸಿದ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟ ಮೂರು ತಾಲ್ಲೂಕುಗಳಲ್ಲಿ ಆದೋನಿ, ಆಲೂರುಗಳೊಡನೆ ರಾಯದುರ್ಗವೂ ಇತ್ತು. ಮಡಕಶಿರಾ ಪ್ರಾಂತವಾದರೋ ಅನಂತಪುರ ಜಿಲ್ಲೆಯಲ್ಲಿದ್ದು, 2022ರ ಏಪ್ರಿಲ್ 4ರಂದು ಪುಟ್ಟಪರ್ತಿ ಕೇಂದ್ರವಾಗಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇದರ ಫಲವೇನೆಂದರೆ, ರೊಳ್ಳದವಳ ಹಳೆಯ ದಾಖಲೆಯಲ್ಲಿ ಒಂದು ಜಿಲ್ಲೆ, ಹೊಸ ದಾಖಲೆಯಲ್ಲಿ ಇನ್ನೊಂದು ಜಿಲ್ಲೆ, ಮದುವೆಯ ತರುವಾಯ ರಾಯದುರ್ಗದ ವಿಳಾಸ. ಹೆಸರಿನ ಕಾಗುಣಿತವೂ, ಶಾಲೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಇಳಿದಾಗ ಒಂದು ಬಗೆ, ಆಧಾರ್‌ನಲ್ಲಿ ತೆಲುಗಿನ ರೂಢಿಯಿಂದ ಬಂದಾಗ ಇನ್ನೊಂದು ಬಗೆ. ವಿಳಾಸದ ಜಿಲ್ಲೆ ಬದಲಾದುದು ಅಷ್ಟಾಗಿ ಬಾಧಿಸದು. ಆದರೆ ಭವಿಷ್ಯನಿಧಿಯಲ್ಲಿನ ಹೆಸರು ಅಥವಾ ಜನ್ಮದಿನಾಂಕ ಆಧಾರ್‌ಗೆ ಹೊಂದದಿದ್ದರೆ ಹಣದ ವರ್ಗಾವಣೆ ನಿಂತುಬಿಡುತ್ತದೆ, ಮತ್ತು ತಿದ್ದುಪಡಿಗೆ ಹಲವು ಸಂದರ್ಭಗಳಲ್ಲಿ ಉದ್ಯೋಗದಾತನೂ ಸೇರಿ ಮಾಡುವ ಜಂಟಿ ಘೋಷಣೆ ಬೇಕಾಗುತ್ತದೆ. ಆದುದರಿಂದ ಹಳೆಯ ಮ್ಯಾನೇಜರನಿಗೆ ಬರೆಯುವ ಪತ್ರದಲ್ಲಿ ಕಂಪನಿಯ ದಾಖಲೆಯಲ್ಲಿದ್ದ ಹೆಸರನ್ನೇ, ಅದೇ ಕಾಗುಣಿತದಲ್ಲಿಯೇ ಬರೆದು, ಮದುವೆಯ ತರುವಾಯ ಹೆಸರು ಬೇರೆಯಾಗಿದ್ದರೆ ಅದನ್ನು ಪಕ್ಕದಲ್ಲಿ ಸೂಚಿಸುವುದು ಒಳ್ಳೆಯದು. ಇಲ್ಲವಾದರೆ ಎಚ್‌ಆರ್‌ನ ಯುವ ಅಧಿಕಾರಿಗೆ ಆಕೆ ಸಿಕ್ಕುವುದೇ ಇಲ್ಲ.

ಪತ್ರ ಕಳುಹಿಸಿದ ಮೇಲೆ ಎರಡು ವಾರ ಸುಮ್ಮನಿರಬೇಕು. ಉತ್ತರ ಬಂದರೆ ಅದರ ಧಾಟಿಯಿಂದಲೇ ಬಹಳಷ್ಟು ತಿಳಿಯುತ್ತದೆ. 'ಎಚ್‌ಆರ್‌ಗೆ ಕಳುಹಿಸಿದ್ದೇನೆ' ಎಂದಿದ್ದು, ಪತ್ರದ ಪ್ರತಿ ಎಚ್‌ಆರ್‌ಗೂ ಹೋಗಿರುವುದು ಕಂಡರೆ, ಕೆಲಸ ನಡೆಯುತ್ತಿದೆ ಎಂದರ್ಥ. 'ಖಂಡಿತ ನೋಡೋಣಮ್ಮ, ಬಂದಾಗ ಸಿಗು' ಎಂದು ಮಾತ್ರ ಬಂದರೆ, ಜಾಗ ಸದ್ಯಕ್ಕಿಲ್ಲ, ಅಥವಾ ಇರುವ ಜಾಗಕ್ಕೆ ಮಂಜೂರಾತಿ ಆಗಿಲ್ಲ ಎಂದು ತಿಳಿಯಬೇಕು. ಬಿಟ್ಟುಹೋದವನ ಜಾಗವನ್ನು ತುಂಬುವುದಕ್ಕೂ ಹೊಸ ಜಾಗವನ್ನು ಸೃಷ್ಟಿಸುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಮ್ಯಾನೇಜರನ ಶಿಫಾರಸಿನಿಂದ ಸಾಗುತ್ತದೆ, ಎರಡನೆಯದಕ್ಕೆ ಮೇಲಿನವರ ಹಣಕಾಸಿನ ಒಪ್ಪಿಗೆ ಬೇಕು. ಕೆಲವು ಕಂಪನಿಗಳು ಬಿಟ್ಟ ದಿನದಿಂದ ಇಷ್ಟು ತಿಂಗಳು ಕಳೆಯುವವರೆಗೆ ಮರುನೇಮಕವಿಲ್ಲ ಎಂಬ ನಿಯಮವನ್ನೂ ಇಟ್ಟಿರುತ್ತವೆ. ನಮ್ಮ ಈಕೆಗೆ ಎರಡು ವರ್ಷ ಕಳೆದಿರುವುದರಿಂದ ಅದು ತೊಡಕಾಗಲಾರದು.

ಉತ್ತರವೇ ಬಾರದಿದ್ದರೆ ಅದೇ ಪತ್ರದ ಕೆಳಗೆ ಎರಡು ಸಾಲಿನ ಒಂದು ನೆನಪೋಲೆ ಸಾಕು. ಫೋನು, ಮತ್ತೆ ವಾಟ್ಸಾಪ್, ಮತ್ತೆ ಸ್ನೇಹಿತೆಯ ಮೂಲಕ ಹೇಳಿಸುವುದು ಎಂದು ಮೂರು ಕಡೆಯಿಂದ ಸುತ್ತುಗಟ್ಟಿದರೆ, ಸಂಕೋಚಕ್ಕೆ ಸಿಕ್ಕಿದ ಮ್ಯಾನೇಜರನು ಏನಾದರೊಂದು ಭರವಸೆ ಕೊಟ್ಟು ತಪ್ಪಿಸಿಕೊಳ್ಳುತ್ತಾನೆ. ಆ ಭರವಸೆಯನ್ನು ನಂಬಿ ಊರು ಬಿಟ್ಟು ಬೆಂಗಳೂರಿಗೆ ಹೋಗಿ ಕೂರುವುದು ಅನರ್ಥ. ನೆನಪೋಲೆಗೂ ಮೌನವೇ ಉತ್ತರವಾದರೆ, ಎಲ್ಲರಂತೆ ಗೇಟಿನ ಬಳಿ ಅರ್ಜಿ ಕೊಡುವುದೇ ದಾರಿ, ಹಳೆಯ ನೌಕರ ಸಂಖ್ಯೆಯನ್ನು ಅರ್ಜಿಯ ಮೇಲ್ಭಾಗದಲ್ಲಿ ಬರೆದು.

ಇಂಥ ಪತ್ರ ಬರೆಯಲು ಹೊರಟವರು ಮೊದಲು ಭವಿಷ್ಯನಿಧಿಯ ಜಾಲತಾಣದಲ್ಲಿ ತಮ್ಮ ಯುಎಎನ್ ತೆರೆದು, ಹಳೆಯ ಕಂಪನಿಯ ಎದುರು ಸೇವೆ ಬಿಟ್ಟ ದಿನಾಂಕ ನಮೂದಾಗಿದೆಯೇ ಎಂದು ನೋಡಿಕೊಳ್ಳಿರಿ. ಅದು ಖಾಲಿಯಿದ್ದರೆ, ಕೊನೆಯ ವಂತಿಗೆಯ ತಿಂಗಳಿನಿಂದ ಎರಡು ತಿಂಗಳು ಕಳೆದಿದ್ದ ಪಕ್ಷದಲ್ಲಿ, ಆ ದಿನಾಂಕವನ್ನು ಸದಸ್ಯರೇ ನಮೂದಿಸಲು 2020ರಿಂದ ಅವಕಾಶವಿದೆ.